ಪಿಎಸ್5ಗೆ ಎಸ್‌ಎಸ್‌ಡಿ: ವೇಗದ ಜೊತೆಗೆ ಎತ್ತರವನ್ನೂ ಅಳೆಯಿರಿ

ಕಳೆದ ಗಣಪತಿ ಹಬ್ಬಕ್ಕೆ ಅಕ್ಕನ ಮಗ ಪುಣೆಯಿಂದ ಡೊಂಬಿವಲಿಗೆ, ನಮ್ಮ ಮನೆಗೆ ಬಂದಿದ್ದ. ಬ್ಯಾಗಿನಲ್ಲಿ ಬಟ್ಟೆಗಿಂತ ಜಾಸ್ತಿ ಜಾಗ ಹಿಡಿದಿದ್ದು ಅವನ ಪಿಎಸ್5. ಜೊತೆಗೆ ಆಟಗಳನ್ನು ತುಂಬಿಡಲು ಒಂದು ಹೊಸ ಎಸ್‌ಎಸ್‌ಡಿ, ಅದರ ಬಿಸಿ ಹೊರಹಾಕಲು ಒಂದು ಹೀಟ್‌ಸಿಂಕ್. "ಮಾಮಾ, ಎಲ್ಲಾ ತಂದೀನಿ, ಆದ್ರ ಮುಚ್ಚಳಾನ ಕೂಡವಲ್ದು" ಅಂದ.

ಬಿಚ್ಚಿ ನೋಡಿದೆ. ಎಸ್‌ಎಸ್‌ಡಿ ಒಳ್ಳೆಯದೇ ಇತ್ತು. ಅಂಗಡಿಯವರು ಕೊಟ್ಟ ಹೀಟ್‌ಸಿಂಕ್ ಮಾತ್ರ ಡೆಸ್ಕ್‌ಟಾಪ್ ಕಂಪ್ಯೂಟರಿನದು. ಎತ್ತರದ ರೆಕ್ಕೆಗಳ ದಪ್ಪ ಅಲ್ಯೂಮಿನಿಯಂ ತುಂಡು. ಚಿಪ್‌ನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಮೆತ್ತನೆಯ ಪ್ಯಾಡ್ ಅಂಟಿಸಿದ ಮೇಲೆ ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತ ಅಂಗಡಿಯವರು ಹೇಳಿದ್ದರಂತೆ. ಹೀಟ್‌ಸಿಂಕಿಗೆ ಕೊಟ್ಟ ದುಡ್ಡು ಹೋಯಿತು.

ನಾನು ಅಂಬರನಾಥದ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವನು. ದಿನವೂ ವರ್ನಿಯರ್ ಹಿಡಿಯುವ ಕೈ. ಹಬ್ಬ ಮುಗಿದ ಮೇಲೆ ವರ್ನಿಯರನ್ನು ಜೇಬಿಗೆ ಹಾಕಿಕೊಂಡು ಇಬ್ಬರೂ ಲೋಕಲ್ ಹತ್ತಿದೆವು. ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದು, ಬೇರೆ ಹೀಟ್‌ಸಿಂಕ್ ಹುಡುಕಲು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ನಡೆದೆವು. ಅವತ್ತು ನೋಡಿದ್ದು, ಅಳೆದಿದ್ದು, ಮನೆಗೆ ಬಂದು ಜೋಡಿಸಿದ್ದು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಅವನದು ಮೊದಲು ಬಂದ ದೊಡ್ಡ ಪಿಎಸ್5, ಅಂದರೆ 825 ಜಿಬಿಯದು. ಅದರಲ್ಲಿ ಆಟಗಳಿಗೆ ಸಿಗುವ ಜಾಗ ಸುಮಾರು 667 ಜಿಬಿ ಮಾತ್ರ. ನೂರು ಜಿಬಿ ದಾಟುವ ಆಟಗಳು ಐದಾರು ಬಂದರೆ ಅಲ್ಲಿಗೆ ಮುಗಿಯಿತು. ಸ್ಲಿಮ್ ಮತ್ತು ಪ್ರೊ ಮಾದರಿಗಳಲ್ಲಿ ಮುಚ್ಚಳ ತೆಗೆಯುವ ಬಗೆ ಬೇರೆ, ಎಸ್‌ಎಸ್‌ಡಿ ಆರಿಸುವ ಲೆಕ್ಕ ಒಂದೇ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್ ಇದ್ದವರಿಗೆ ಈ ಲೇಖನ ಅಲ್ಲ. ಅದಕ್ಕೆ ಹಿಂಬದಿಯಲ್ಲಿ ಸಿಕ್ಕಿಸುವ ಅದರದ್ದೇ ಕಾರ್ಡ್ ಬೇಕು.

ಮೊದಲು ಜಾತಿ ನೋಡಿ

ಪಿಎಸ್5 ಒಳಗಿನ ಹಳೆಯ ಸ್ಟೋರೇಜನ್ನು ನಾವು ತೆಗೆಯುವುದಿಲ್ಲ. ಅದು ಬೋರ್ಡಿಗೇ ಬೆಸುಗೆ ಆಗಿದೆ. ಪಕ್ಕದಲ್ಲಿ ಖಾಲಿ ಇರುವ ಎಂ.2 ಸ್ಲಾಟಿಗೆ ಇನ್ನೊಂದನ್ನು ಸೇರಿಸುತ್ತೇವೆ, ಅಷ್ಟೇ. ಸೋನಿ ಈ ಸ್ಲಾಟನ್ನು ಎಲ್ಲರಿಗೂ ತೆರೆದಿದ್ದು 2021ರ ಸೆಪ್ಟೆಂಬರ್ ಅಪ್‌ಡೇಟಿನಲ್ಲಿ. ಆಗ 4 ಟಿಬಿ ತನಕ ಹಾಕಬಹುದಿತ್ತು. 2023ರ ಸೆಪ್ಟೆಂಬರಿನಿಂದ 8 ಟಿಬಿ ತನಕ ಹಾಕಬಹುದು. ಕನಿಷ್ಠ 250 ಜಿಬಿ ಇರಬೇಕು.

ಅಂಗಡಿಯಲ್ಲಿ ಸುಮ್ನೆ "ಎಂ.2 ಕೊಡಿ" ಅಂದರೆ ಸಾಲದು. ಎಂ.2 ಅನ್ನುವುದು ಆ ಉದ್ದ ಪಟ್ಟಿಯ ಆಕಾರದ ಹೆಸರು. ಅದೇ ಆಕಾರದಲ್ಲಿ ಸಾಟಾ ಎಸ್‌ಎಸ್‌ಡಿಯೂ ಬರುತ್ತದೆ, ಅದು ಪಿಎಸ್5ನಲ್ಲಿ ನಡೆಯುವುದಿಲ್ಲ. ಬೇಕಾಗಿರುವುದು ಎನ್‌ವಿಎಂಇ, ಪಿಸಿಐಇ ಜೆನ್4, ನಾಲ್ಕು ಲೇನಿನದು. ಜೆನ್ ಅಂದರೆ ತಲೆಮಾರು, ಲೇನ್ ಅಂದರೆ ಡೇಟಾ ಓಡುವ ದಾರಿ. ಜೆನ್3 ಆಗುವುದಿಲ್ಲ.

ಬಾಕ್ಸ್ ಇಲ್ಲದೆ ಬರೀ ಪಟ್ಟಿ ಕೈಗೆ ಕೊಟ್ಟರೆ ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ನೋಡಿ. ಹಲ್ಲುಗಳ ಸಾಲಿನಲ್ಲಿ ಎರಡು ಕಡೆ ಕಚ್ಚು ಇದ್ದರೆ ಅಲ್ಲೇ ವಾಪಸ್ ಕೊಡಿ. ಅದು ಸಾಟಾ, ಇಲ್ಲವೇ ಕಡಿಮೆ ಲೇನಿನದು. ನಮಗೆ ಬೇಕಾದದ್ದರಲ್ಲಿ ಒಂದೇ ಕಚ್ಚು ಇರುತ್ತದೆ. ಹಾಗಂತ ಒಂದೇ ಕಚ್ಚು ಇದ್ದ ಮಾತ್ರಕ್ಕೆ ಅದು ಜೆನ್4 ಅಂತ ಅಲ್ಲ. ಜೆನ್3ಗೂ ಒಂದೇ ಕಚ್ಚು. ಆದ್ದರಿಂದ ಲೇಬಲ್ ಮೇಲಿನ ಮಾಡೆಲ್ ನಂಬರನ್ನು ಅಲ್ಲೇ ಫೋನಿನಲ್ಲಿ ತಯಾರಕರ ಸೈಟಿಗೆ ಹಾಕಿ ನೋಡಿ. ಎರಡು ನಿಮಿಷದ ಕೆಲಸ.

ಉದ್ದದಲ್ಲಿ 30, 42, 60, 80, 110 ಮಿಲಿಮೀಟರ್ ಎಲ್ಲದಕ್ಕೂ ಜಾಗ ಇದೆ. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವುದು 2280, ಅಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ್ದು. ಅದನ್ನೇ ಕೊಳ್ಳಿ.

ವೇಗಕ್ಕೆ ಎಷ್ಟು ದುಡ್ಡು ಕೊಡಬೇಕು?

ಸೋನಿ ಹೇಳುವ ಸಂಖ್ಯೆ ಒಂದೇ: ಸೆಕೆಂಡಿಗೆ 5,500 ಎಂಬಿ ಅಥವಾ ಅದಕ್ಕಿಂತ ಜಾಸ್ತಿ ಓದುವ ವೇಗ. ಪಿಎಸ್5 ಒಳಗಿನ ಸ್ಟೋರೇಜಿನ ವೇಗವೂ 5.5 ಜಿಬಿಯೇ. ಆಟ ತಯಾರಿಸುವವರು ಆ ವೇಗವನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಆಟ ಕಟ್ಟುತ್ತಾರೆ. ಅದಕ್ಕಿಂತ ಎಷ್ಟು ಮೇಲೆ ಹೋದರೂ ಆಟದಲ್ಲಿ ಸಿಗುವ ಲಾಭ ತೀರಾ ಸಣ್ಣದು.

ಅಂಗಡಿಯಲ್ಲಿ ನಮಗೆ ಜೆನ್5 ಎಸ್‌ಎಸ್‌ಡಿ ತೋರಿಸಿದರು. ಬಾಕ್ಸ್ ಮೇಲೆ ವೇಗ 14,000 ಎಂಬಿ ಅಂತ ಇತ್ತು. ಅಕ್ಕನ ಮಗನ ಕಣ್ಣು ಅಲ್ಲೇ ನಿಂತಿತು. ಆದರೆ ಪಿಎಸ್5 ಸ್ಲಾಟ್ ಜೆನ್4. ಜೆನ್4ರ ಒಂದು ಲೇನಿನಲ್ಲಿ ಹೆಚ್ಚೆಂದರೆ ಸೆಕೆಂಡಿಗೆ ಸುಮಾರು 1,970 ಎಂಬಿ ಹೋಗಬಹುದು. ನಾಲ್ಕು ಲೇನ್ ಸೇರಿದರೆ ಸುಮಾರು 7,880. ಇದು ಕಾಗದದ ಮೇಲಿನ ಮಿತಿ, ನಿಜದಲ್ಲಿ ಅದಕ್ಕಿಂತ ಕಡಿಮೆಯೇ. ಜೆನ್5 ಎಸ್‌ಎಸ್‌ಡಿ ಈ ಸ್ಲಾಟಿನಲ್ಲಿ ಜೆನ್4 ಆಗಿಯೇ ಓಡುತ್ತದೆ. ಆ 14,000ರ ವೇಗಕ್ಕೆ ಕೊಟ್ಟ ದುಡ್ಡಿನಲ್ಲಿ ಅರ್ಧ ಸುಮ್ನೆ ಕೂತಿರುತ್ತದೆ. ಆ ದುಡ್ಡಿನಲ್ಲಿ 1 ಟಿಬಿ ಬದಲು 2 ಟಿಬಿ ತೆಗೆದುಕೊಳ್ಳುವುದು ಮೇಲು.

ಬಾಕ್ಸ್ ಮೇಲೆ ಸರಿಯಾಗಿ 5,500 ಅಥವಾ ಅದಕ್ಕಿಂತ ತುಸು ಕಡಿಮೆ ಬರೆದದ್ದನ್ನು ಕೊಳ್ಳಲು ನಾನು ಹೇಳುವುದಿಲ್ಲ. ಆ ಸಂಖ್ಯೆ ಕಂಪ್ಯೂಟರಿನಲ್ಲಿ ಅಳೆದದ್ದು. ಪಿಎಸ್5 ತಾನೇ ಅಳೆದಾಗ ಅದಕ್ಕಿಂತ ಕಡಿಮೆ ತೋರಿಸುವುದು ಮಾಮೂಲು. 7,000 ಬರೆದಿದ್ದು 6,500ರ ಸುತ್ತ ತೋರಿಸಿದರೆ ಏನೂ ದೋಷ ಇಲ್ಲ. ಹಾಗಾಗಿ ಬಾಕ್ಸ್ ಮೇಲೆ 6,500ರಿಂದ 7,500ರ ಒಳಗೆ ಇರುವುದನ್ನು ಆರಿಸಿದರೆ ನೆಮ್ಮದಿ.

ಇನ್ನೊಂದು ಸಂಗತಿ ಬಾಕ್ಸ್ ಮೇಲೆ ಕಾಣುವುದಿಲ್ಲ. ಕೆಲವು ಅಗ್ಗದ ಎಸ್‌ಎಸ್‌ಡಿಗಳಲ್ಲಿ ಸ್ವಂತದ ಡಿರ‍್ಯಾಮ್ ಇರುವುದಿಲ್ಲ. ಅವು ಕಂಪ್ಯೂಟರಿನ ಮೆಮೊರಿಯಲ್ಲೇ ಒಂದು ತುಂಡು ಸಾಲ ತೆಗೆದುಕೊಂಡು ಕೆಲಸ ಮಾಡುತ್ತವೆ. ಇದಕ್ಕೆ ಎಚ್‌ಎಂಬಿ ಅನ್ನುತ್ತಾರೆ. ಪಿಎಸ್5 ಆ ಸಾಲ ಕೊಡುವುದಿಲ್ಲ. ಅಂಥ ಎಸ್‌ಎಸ್‌ಡಿ ಓಡಬಹುದು, ಆದರೆ ಬಾಕ್ಸ್ ಮೇಲಿನ ವೇಗ ಸಿಗದೆ ಹೋಗಬಹುದು. ಬೆಲೆಯಲ್ಲಿ ಸ್ವಲ್ಪವೇ ಫರಕು ಇದ್ದರೆ ಡಿರ‍್ಯಾಮ್ ಇರುವುದನ್ನೇ ತೆಗೆದುಕೊಳ್ಳಿ.

ಹೀಟ್‌ಸಿಂಕ್: ಇಲ್ಲೇ ಎಡವುವುದು

ಅಂಗಡಿಯಲ್ಲಿ ಎಲ್ಲರೂ ವೇಗ ಕೇಳುತ್ತಾರೆ. ದುಡ್ಡು ಕಳೆದುಕೊಳ್ಳುವುದು ಮಾತ್ರ ಇಲ್ಲಿ.

ಹೀಟ್‌ಸಿಂಕ್ ಬೇಕೇ ಬೇಕು ಅಂತ ಸೋನಿ ಹೇಳುತ್ತದೆ. ವೇಗವಾಗಿ ಓದುವಾಗ, ಬರೆಯುವಾಗ ಎಸ್‌ಎಸ್‌ಡಿಯ ಕಂಟ್ರೋಲರ್ ಚಿಪ್ ಚೆನ್ನಾಗಿ ಕಾಯುತ್ತದೆ. ಮಿತಿ ಮುಟ್ಟಿದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಪಿಎಸ್5 ಬಳಸಲು ಹೇಳಿರುವ ಸುತ್ತಲಿನ ತಾಪಮಾನ 5ರಿಂದ 35 ಡಿಗ್ರಿ. ಮೇ ತಿಂಗಳ ಮುಂಬೈಯಲ್ಲಿ, ಟಿವಿ ಸ್ಟ್ಯಾಂಡಿನ ಮುಚ್ಚಿದ ಖಾನೆಯೊಳಗೆ ಆ 35 ದಾಟುವುದು ಏನೂ ಕಷ್ಟವಲ್ಲ. ಗೋವಾದ ಬೇಸಿಗೆಯಲ್ಲೂ ಅದೇ ಕತೆ.

ಆದರೆ ಜಾಗ ತುಂಬಾ ಕಡಿಮೆ. ಸೋನಿ ಕೊಟ್ಟಿರುವ ಅಳತೆ ಹೀಗಿದೆ. ಹೀಟ್‌ಸಿಂಕ್ ಸೇರಿ ಒಟ್ಟು ದಪ್ಪ 11.25 ಮಿಲಿಮೀಟರ್ ಮೀರಬಾರದು. ಅಗಲ 25 ಮಿಲಿಮೀಟರ್ ಮೀರಬಾರದು. ಒಟ್ಟು ದಪ್ಪವನ್ನು ಇನ್ನೂ ಒಡೆದು ಹೇಳಿದ್ದಾರೆ, ಮುಖ್ಯವಾದದ್ದು ಅದೇ. ಎಸ್‌ಎಸ್‌ಡಿಯ ಹಸಿರು ಅಥವಾ ಕಪ್ಪು ಬೋರ್ಡಿನ ಮೇಲ್ಭಾಗದಲ್ಲಿ 8.0 ಮಿಲಿಮೀಟರ್, ಕೆಳಭಾಗದಲ್ಲಿ 2.45 ಮಿಲಿಮೀಟರ್. ಉಳಿದ 0.8 ಬೋರ್ಡಿನದ್ದೇ ದಪ್ಪ.

ಒಟ್ಟು ಲೆಕ್ಕ ಸರಿ ಇದ್ದೂ ಕೆಳಗಿನ ಲೆಕ್ಕ ತಪ್ಪಬಹುದು. ನಮಗೆ ಲ್ಯಾಮಿಂಗ್ಟನ್ ರೋಡಿನಲ್ಲಿ ಆಗಿದ್ದು ಇದೇ.

ಅವನ ಎಸ್‌ಎಸ್‌ಡಿ 2 ಟಿಬಿ, ಎರಡೂ ಕಡೆ ಚಿಪ್ ಇರುವಂಥದ್ದು. ಅಂಗಡಿಯವರು ತೋರಿಸಿದ ಮೊದಲ ಕಿಟ್‌ನಲ್ಲಿ ಮೇಲೆ ಅಲ್ಯೂಮಿನಿಯಂ ತುಂಡು, ಕೆಳಗೆ ತಗಡಿನ ತಟ್ಟೆ, ಎರಡರ ನಡುವೆ ಎಸ್‌ಎಸ್‌ಡಿ, ಸ್ಯಾಂಡ್‌ವಿಚ್ ಥರ. ಮೇಲಿನ ಲೆಕ್ಕ ಹಾಕಿದೆ: ಚಿಪ್ 1.5, ಪ್ಯಾಡ್ 1.0, ಅಲ್ಯೂಮಿನಿಯಂ 5.0. ಒಟ್ಟು 7.5. ಎಂಟರ ಒಳಗೆ ಬಂತು. ಕೆಳಗೆ ಚಿಪ್ 1.35, ಪ್ಯಾಡ್ 1.0, ತಟ್ಟೆ 0.5. ಒಟ್ಟು 2.85. ಬೋರ್ಡಿನ 0.8 ಸೇರಿಸಿದರೆ ಇಡೀ ದಪ್ಪ 11.15. ಅಂದರೆ 11.25ರ ಒಳಗೇ ಇದೆ! ಬಾಕ್ಸ್ ಮೇಲೆ ಪಿಎಸ್5ಗೆ ಆಗುತ್ತದೆ ಅಂತಲೂ ಬರೆದಿತ್ತು. ಆದರೆ ಕೆಳಗಡೆ 0.4 ಮಿಲಿಮೀಟರ್ ಜಾಸ್ತಿ. ಪ್ಯಾಡ್ ಒತ್ತಿದಾಗ ಸ್ವಲ್ಪ ಕುಗ್ಗುತ್ತದೆ ನಿಜ, ಅದನ್ನು ನಂಬಿ ಬೋರ್ಡನ್ನು ಒತ್ತಿ ಕೂರಿಸುವುದು ನನಗೆ ಸರಿ ಕಾಣಲಿಲ್ಲ. ಹಾಗೆ ಒತ್ತಿದರೆ ಎಸ್‌ಎಸ್‌ಡಿ ನಡುವೆ ಬಾಗುತ್ತದೆ, ಕನೆಕ್ಟರಿನ ಮೇಲೆ ಯಾವಾಗಲೂ ಎಳೆತ ಇರುತ್ತದೆ.

ಎರಡನೆಯ ಕಿಟ್‌ನಲ್ಲಿ ಕೆಳಗಿನ ಪ್ಯಾಡ್ 0.5 ಇತ್ತು. ಆಗ ಕೆಳಗಿನ ಲೆಕ್ಕ 2.35ಕ್ಕೆ ಬಂತು. ಅದನ್ನೇ ತೆಗೆದುಕೊಂಡೆವು.

ಜೋಡಿಸಿದ ಮೇಲೂ ಅಳೆಯಬಹುದು. ಚಿನ್ನದ ಹಲ್ಲುಗಳ ಕಡೆ ಬೋರ್ಡ್ ಬರಿಯದಾಗಿ ಹೊರಗೆ ಚಾಚಿರುತ್ತದೆ. ಎಸ್‌ಎಸ್‌ಡಿಯನ್ನು ತಲೆಕೆಳಗು ಮಾಡಿ, ವರ್ನಿಯರಿನ ಹಿಂದಿನ ಕಡ್ಡಿಯಿಂದ ತಟ್ಟೆಯ ಅಂಚಿನಿಂದ ಬೋರ್ಡಿನ ತನಕ ಆಳ ನೋಡಿ. ಅದೇ ನಿಮ್ಮ ಕೆಳಗಿನ ಅಳತೆ. ಹಲ್ಲುಗಳಿಗೆ ಕಡ್ಡಿ ತಾಗಿ ಗೀರು ಬೀಳದ ಹಾಗೆ ಪಕ್ಕದ ಖಾಲಿ ಜಾಗದಲ್ಲಿ ಇಡಿ.

ಇಷ್ಟೆಲ್ಲ ಅಳೆಯುವ ಮನಸ್ಸಿಲ್ಲದವರಿಗೆ ಎರಡು ಸುಲಭ ದಾರಿ ಇದೆ. ಒಂದು, ಕಂಪನಿಯೇ ಹೀಟ್‌ಸಿಂಕ್ ಅಂಟಿಸಿ ಮಾರುವ ಮಾದರಿ ಕೊಳ್ಳುವುದು. ಅದರ ಪೂರ್ತಿ ದಪ್ಪವನ್ನು ಕಂಪನಿಯ ಸೈಟಿನಲ್ಲೇ ಬರೆದಿರುತ್ತಾರೆ. ಎರಡು, ಒಂದೇ ಕಡೆ ಚಿಪ್ ಇರುವ ಎಸ್‌ಎಸ್‌ಡಿ ತೆಗೆದುಕೊಂಡು ಮೇಲೆ ಮಾತ್ರ ಕೂರುವ ತೆಳು ಹೀಟ್‌ಸಿಂಕ್ ಹಾಕುವುದು. ಆಗ ಕೆಳಗಿನ ಲೆಕ್ಕವೇ ಬೇಡ. ಬೇರೆಯಾಗಿ ಕೊಳ್ಳುವುದಕ್ಕಿಂತ ಮೊದಲನೆಯ ದಾರಿಯೇ ನನಗೆ ಇಷ್ಟ. ಬೆಲೆ ತುಸು ಜಾಸ್ತಿ ಆಗಬಹುದು, ವಾರಂಟಿ ಮಾತ್ರ ಒಂದೇ ಕಡೆ ಇರುತ್ತದೆ.

ನೀವೇ ಅಂಟಿಸುವುದಾದರೆ ಎರಡು ಮಾತು. ಎಸ್‌ಎಸ್‌ಡಿ ಮೇಲಿನ ಸ್ಟಿಕರ್ ಕೀಳಬೇಡಿ. ಸೀರಿಯಲ್ ನಂಬರ್ ಅದರ ಮೇಲೆಯೇ ಇರುತ್ತದೆ, ಕಿತ್ತರೆ ವಾರಂಟಿಗೆ ತೊಂದರೆ. ಪ್ಯಾಡನ್ನು ಸ್ಟಿಕರ್ ಮೇಲೆಯೇ ಕೂರಿಸಿ. ಮತ್ತೆ, ಪ್ಯಾಡಿನ ಎರಡೂ ಕಡೆ ತೆಳು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಒಂದು ಕಡೆಯದು ನೀಲಿಯಾಗಿ ಕಾಣುತ್ತದೆ, ಇನ್ನೊಂದು ಕಡೆಯದು ಎಷ್ಟೋ ಸಲ ಕಾಣುವುದೇ ಇಲ್ಲ. ಉಗುರಿನಿಂದ ಮೂಲೆ ಕೆರೆದು ನೋಡಿ. ಆ ಹಾಳೆ ಉಳಿದರೆ ಬಿಸಿ ಮೇಲಕ್ಕೆ ಸರಿಯಾಗಿ ಹೋಗುವುದಿಲ್ಲ. ಎಸ್‌ಎಸ್‌ಡಿ ಒಳಗೇ ಕಾದು, ಆಟ ಕಾಪಿ ಆಗುವಾಗ ಮೊದಲು ಜೋರಾಗಿ ಹೋಗಿ ನಡುವೆ ಕುಂಟತೊಡಗುತ್ತದೆ.

ಜೋಡಿಸುವ ಕೆಲಸ

ಮೊದಲು ಪಿಎಸ್5 ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಆಮೇಲೆ ಪೂರ್ತಿ ಆಫ್ ಮಾಡಿ, ರೆಸ್ಟ್ ಮೋಡ್ ಸಾಲದು. ಎಲ್ಲ ವೈರು ತೆಗೆದು, ಯಂತ್ರ ತಣ್ಣಗಾಗುವ ತನಕ ಬಿಡಿ. ಸ್ಟ್ಯಾಂಡ್ ಬಿಚ್ಚಿ, ಟೇಬಲ್ ಮೇಲೆ ದಪ್ಪ ಟವೆಲ್ ಹಾಸಿ ಮಲಗಿಸಿ. ಹಳೆಯ ದೊಡ್ಡ ಮಾದರಿಯಲ್ಲಿ ಡಿಸ್ಕ್ ಇಲ್ಲದ ಕಡೆಯ ಬಿಳಿ ಮುಚ್ಚಳ ಮೇಲಕ್ಕೆ ಬರಬೇಕು. ಮುಚ್ಚಳಕ್ಕೆ ಸ್ಕ್ರೂ ಇಲ್ಲ. ಒಂದು ಮೂಲೆಯನ್ನು ನಿಧಾನಕ್ಕೆ ಮೇಲೆತ್ತಿ ಜಾರಿಸಿದರೆ ಟಕ್ ಅಂತ ಸದ್ದು ಮಾಡಿ ಬಿಡಿಸಿಕೊಳ್ಳುತ್ತದೆ. ಮೊದಲ ಸಲ ಆ ಸದ್ದಿಗೆ ಮುರಿಯಿತೇನೋ ಅನ್ನಿಸುತ್ತದೆ, ಅಲ್ವಾ? ಮುರಿದಿರುವುದಿಲ್ಲ.

ಒಳಗೆ ಉದ್ದನೆಯ ತಗಡಿನ ಮುಚ್ಚಳ ಕಾಣುತ್ತದೆ, ಒಂದೇ ಸ್ಕ್ರೂ. ಅದಕ್ಕೆ 1ನೇ ನಂಬರಿನ ಫಿಲಿಪ್ಸ್ ಸ್ಕ್ರೂಡ್ರೈವರೇ ಬೇಕು. ಮನೆಯಲ್ಲಿ ಇದೆ ಅಂತ ಚಿಕ್ಕದನ್ನೋ ಸವೆದದ್ದನ್ನೋ ಹಾಕಿದರೆ ಸ್ಕ್ರೂ ತಲೆ ತಿಂದು ಹೋಗುತ್ತದೆ. ಮೇಲಿನಿಂದ ಜೋರಾಗಿ ಒತ್ತಿಕೊಂಡು, ನಿಧಾನಕ್ಕೆ ತಿರುಗಿಸಿ.

ಮುಟ್ಟುವ ಮೊದಲು ಮೈಯ ಸ್ಟ್ಯಾಟಿಕ್ ಕರೆಂಟ್ ಇಳಿಸಿಕೊಳ್ಳಿ. ಮಳೆಗಾಲದ ಮುಂಬೈಯ ತೇವದಲ್ಲಿ ಇದರ ಭಯ ಕಡಿಮೆ. ಚಳಿಗಾಲದ ಒಣ ಹವೆಯ ಪುಣೆಯಲ್ಲಿ, ಸ್ವೆಟರ್ ಹಾಕಿಕೊಂಡು ಕೂತಿದ್ದರೆ, ಜಾಸ್ತಿ. ಬಣ್ಣ ಇಲ್ಲದ ನಲ್ಲಿಯನ್ನೋ ಲೋಹದ ಕಿಟಕಿ ಸರಳನ್ನೋ ಮುಟ್ಟಿ ಬನ್ನಿ. ಎಸ್‌ಎಸ್‌ಡಿಯನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ.

ಸ್ಲಾಟಿನೊಳಗೆ ಒಂದು ಸಣ್ಣ ಸ್ಕ್ರೂ, ಅದರ ಅಡಿಯಲ್ಲಿ ಒಂದು ಸ್ಪೇಸರ್ ಬಳೆ ಇರುತ್ತದೆ. ಅಲ್ಲೇ 110, 80 ಅಂತ ಅಂಕಿಗಳೂ ಇವೆ. ಸ್ಕ್ರೂ ತೆಗೆದು, ಆ ಬಳೆಯನ್ನು 80ರ ತೂತಿಗೆ ಸರಿಸಿ. ಅದನ್ನು ಮರೆತರೆ ಎಸ್‌ಎಸ್‌ಡಿಯ ತುದಿಗೆ ಆಸರೆ ಇರುವುದಿಲ್ಲ, ಸ್ಕ್ರೂ ಬಿಗಿದಾಗ ಬೋರ್ಡ್ ಬಾಗುತ್ತದೆ. ಬಳೆ ತೀರಾ ಸಣ್ಣದು. ನಮ್ಮದು ಕೈಯಿಂದ ಜಾರಿ ಟವೆಲ್ ಮೇಲೆ ಬಿತ್ತು, ಟವೆಲ್ ಬಿಳಿಯದಾಗಿದ್ದಕ್ಕೆ ಕೂಡಲೇ ಸಿಕ್ಕಿತು. ಚಿಮಟ ಇದ್ದರೆ ಇನ್ನೂ ಒಳ್ಳೆಯದು.

ಈಗ ಎಸ್‌ಎಸ್‌ಡಿಯ ಕಚ್ಚನ್ನು ಸ್ಲಾಟಿನ ಕಚ್ಚಿಗೆ ಹೊಂದಿಸಿ, ಸ್ವಲ್ಪ ಓರೆಯಾಗಿ ಹಿಡಿದು ತಳ್ಳಿ. ಚಿನ್ನದ ಹಲ್ಲು ಹೊರಗೆ ಬರೀ ಒಂದು ಗೆರೆಯಷ್ಟು ಕಾಣಬೇಕು. ಎಲ್ಲ ಕಡೆ ಸಮವಾಗಿ ಕಾಣಬೇಕು. ಒಂದು ಕಡೆ ಜಾಸ್ತಿ ಕಂಡರೆ ಸರಿಯಾಗಿ ಕೂತಿಲ್ಲ. ಆಮೇಲೆ ತುದಿಯನ್ನು ಬೆರಳಿನಿಂದ ಮೆಲ್ಲಗೆ ಕೆಳಗೆ ಒತ್ತಿ ನೋಡಿ. ಸಣ್ಣ ಸ್ಪ್ರಿಂಗಿನಂಥ ಎದುರೊತ್ತು ಇದ್ದರೆ ಸರಿ. ಬೆರಳಿಗೆ ಗಟ್ಟಿ ತಗಡು ತಾಗಿದ ಹಾಗೆ ನಿಂತುಬಿಟ್ಟರೆ ಕೆಳಗಿನ ತಟ್ಟೆ ದಪ್ಪ ಆಗಿದೆ ಅಂತ ತಿಳಿಯಿರಿ. ಅಲ್ಲಿಗೆ ನಿಲ್ಲಿಸಿ, ಸ್ಕ್ರೂ ಹಾಕಿ ಎಳೆಯಬೇಡಿ.

ಸ್ಕ್ರೂವನ್ನು ಕೈಯಲ್ಲಿ ಬಿಗಿ ಅನ್ನಿಸುವ ತನಕ ಮಾತ್ರ ತಿರುಗಿಸಿ. ತಗಡಿನ ಮುಚ್ಚಳವನ್ನು ಮತ್ತೆ ಹಾಕಿ. ಗಾಳಿ ಚೆನ್ನಾಗಿ ಬರಲಿ ಅಂತ ಅದನ್ನು ತೆಗೆದಿಡುವವರು ಇದ್ದಾರೆ. ಆದರೆ ಸೋನಿಯ ಸೂಚನೆಯಲ್ಲೇ ಮುಚ್ಚಳ ವಾಪಸ್ ಹಾಕಿ ಅಂತ ಇದೆ. ಹೀಟ್‌ಸಿಂಕ್ ಮುಚ್ಚಳಕ್ಕೆ ತಾಗಿ ಅದು ಉಬ್ಬಿದರೆ ಮೇಲಿನ ಎಂಟು ಮಿಲಿಮೀಟರ್ ಮೀರಿದೆ ಅಂತ ಅರ್ಥ.

ಆನ್ ಮಾಡಿದ ಮೇಲೆ

ವೈರು ಜೋಡಿಸಿ ಆನ್ ಮಾಡಿದರೆ ಪಿಎಸ್5 ತಾನೇ ಎಸ್‌ಎಸ್‌ಡಿಯನ್ನು ಗುರುತಿಸಿ ಫಾರ್ಮ್ಯಾಟ್ ಮಾಡಲು ಕೇಳುತ್ತದೆ. ಅದರಲ್ಲಿ ಮೊದಲೇ ಏನಾದರೂ ಇದ್ದರೆ ಅಳಿಸಿಹೋಗುತ್ತದೆ. ಲ್ಯಾಪ್‌ಟಾಪಿನಿಂದ ತೆಗೆದ ಎಸ್‌ಎಸ್‌ಡಿ ಹಾಕುವವರು ಫೋಟೋಗಳನ್ನು ಮೊದಲೇ ಬೇರೆ ಕಡೆ ಇಟ್ಟುಕೊಳ್ಳಿ. ಫಾರ್ಮ್ಯಾಟ್ ಮುಗಿದ ಕೂಡಲೇ ಅಳೆದ ಓದುವ ವೇಗ ಪರದೆಯ ಮೇಲೆ ಬರುತ್ತದೆ. ಅದರ ಫೋಟೋ ತೆಗೆದಿಡಿ, ಮುಂದೆ ಅಂಗಡಿಯವರ ಜೊತೆ ಮಾತಾಡಬೇಕಾದರೆ ಬೇಕಾಗುತ್ತದೆ. ನಮ್ಮದು 6,400ರ ಮೇಲೆ ಬಂತು. ಬಾಕ್ಸ್ ಮೇಲೆ 7,300 ಇತ್ತು.

ಫಾರ್ಮ್ಯಾಟ್ ಪರದೆ ಬರದೆ, ಎಸ್‌ಎಸ್‌ಡಿ ಬಳಸಲಾಗದು ಅನ್ನುವ ಸಂದೇಶ ಬಂದರೆ ಗಾಬರಿ ಬೇಡ. ಆಫ್ ಮಾಡಿ, ವೈರು ತೆಗೆದು, ಎಸ್‌ಎಸ್‌ಡಿಯನ್ನು ಮತ್ತೆ ಹೊರತೆಗೆದು ಕೂರಿಸಿ. ಹಲ್ಲು ಪೂರ್ತಿ ಒಳಗೆ ಹೋಗದಿದ್ದರೂ ಇದೇ ಆಗುತ್ತದೆ. ಎರಡು ಸಲ ಕೂರಿಸಿದರೂ ಅದೇ ಬಂದರೆ ಮಾಡೆಲ್ ನಂಬರನ್ನು ಮತ್ತೊಮ್ಮೆ ಪರಿಶೀಲಿಸಿ, ಜೆನ್3 ಅಥವಾ ಸಾಟಾ ಕೈಗೆ ಬಂದಿರಬಹುದು.

ಆಟಗಳನ್ನು ಸಾಗಿಸಲು ಈ ದಾರಿ:

```
Settings > Storage > Console Storage > Games and Apps
```

ಅಲ್ಲಿ ಬೇಕಾದ ಆಟಗಳನ್ನು ಆರಿಸಿ ಎಂ.2 ಸ್ಟೋರೇಜಿಗೆ ಕಳಿಸಿ. ಮುಂದೆ ಇಳಿಸುವ ಆಟಗಳು ನೇರ ಅಲ್ಲಿಗೇ ಹೋಗಬೇಕಾದರೆ `Storage` ಒಳಗಿನ `Installation Location` ಬದಲಿಸಿ. ಆಟ ಮುಂದುವರಿಸುವ ಸೇವ್ ಡೇಟಾ ಮಾತ್ರ ಹಳೆಯ ಒಳಸ್ಟೋರೇಜಿನಲ್ಲೇ ಉಳಿಯುತ್ತದೆ, ಹೊಸದಕ್ಕೆ ಹೋಗುವುದಿಲ್ಲ. ಆದ್ದರಿಂದ ಒಳಗಿನದನ್ನು ಪೂರ್ತಿ ತುಂಬಿಸಬೇಡಿ.

ಹೀಟ್‌ಸಿಂಕ್ ಸರಿಯಾಗಿದೆಯಾ ಅಂತ ನೋಡಲು ನಾವು ಮೊದಲೇ ಒಂದು ಕೆಲಸ ಮಾಡಿದೆವು. ನೂರು ಜಿಬಿ ಮೀರಿದ ಒಂದು ಆಟವನ್ನು ಒಳಗಿನಿಂದ ಎಂ.2ಗೆ ಸಾಗಿಸಿ, ಮತ್ತೆ ವಾಪಸ್ ಕಳಿಸಿದೆವು. ಹೋಗುವಾಗ ವೇಗ ತಗ್ಗಿದರೆ ಅದು ಬಿಸಿಯಿಂದಲೂ ಇರಬಹುದು, ಎಸ್‌ಎಸ್‌ಡಿಯ ಬರೆಯುವ ಕ್ಯಾಶ್, ಅಂದರೆ ಡೇಟಾವನ್ನು ಮೊದಲು ವೇಗವಾಗಿ ಇಟ್ಟುಕೊಳ್ಳುವ ತಾತ್ಕಾಲಿಕ ಜಾಗ, ತುಂಬಿದ್ದರಿಂದಲೂ ಇರಬಹುದು. ಅಗ್ಗದವುಗಳಲ್ಲಿ ಎರಡನೆಯದು ಮಾಮೂಲು, ಆಟ ಆಡುವಾಗ ಅದರಿಂದ ತೊಂದರೆ ಇಲ್ಲ. ವಾಪಸ್ ಬರುವಾಗ ಎಂ.2 ಬರೀ ಓದುತ್ತದೆ. ಆಗಲೂ ಎಳೆದಾಡಿದರೆ, ಇಲ್ಲವೇ ಒಂದು ಗಂಟೆ ಆಡಿದ ಮೇಲೆ ಗೋಡೆ, ನೆಲದ ಚಿತ್ರಗಳು ತಡವಾಗಿ ಮೂಡತೊಡಗಿದರೆ, ಪ್ಯಾಡನ್ನು ಬಿಚ್ಚಿ ಆ ತೆಳು ಹಾಳೆ ಉಳಿದಿದೆಯಾ ಅಂತ ನೋಡಿ. ಹಾಳೆ ಇಲ್ಲದಿದ್ದರೆ ಯಂತ್ರವನ್ನು ಖಾನೆಯಿಂದ ಹೊರಗಿಟ್ಟು ಮತ್ತೊಮ್ಮೆ ಅದೇ ಆಟವನ್ನು ಸಾಗಿಸಿ. ಆಗ ಸರಿ ಹೋದರೆ ಎಸ್‌ಎಸ್‌ಡಿ ತಪ್ಪಲ್ಲ, ಖಾನೆಯಲ್ಲಿ ಗಾಳಿ ಆಡುತ್ತಿಲ್ಲ. ಅಕ್ಕನ ಮಗ ಪುಣೆಗೆ ಹೋದ ವಾರವೇ ಫೋನ್ ಮಾಡಿ, ಟಿವಿ ಸ್ಟ್ಯಾಂಡಿನ ಹಿಂದಿನ ಹಲಗೆ ತೆಗೆದುಹಾಕಿದೆ ಅಂತ ಹೇಳಿದ.